ಪೇಸ್ಟ್ ಮಾಡೋಕೆ ಆರು ಸಾಲು

ಮೊದಲ ಸಲ ಹಳೇ ಆಫೀಸಿನ ಸೀನಿಯರ್ ಒಬ್ಬರಿಗೆ, "ಸರ್, ನಿಮ್ಮ ಫ್ರೆಂಡ್ ಇರೋ ಕಂಪನಿಯಲ್ಲಿ ಓಪನಿಂಗ್ ಇದೆಯಂತೆ, ಸ್ವಲ್ಪ ಹೇಳಿ ನೋಡಿ" ಅಂತ ವಾಟ್ಸಾಪ್ ಮಾಡಿ ರೆಸ್ಯೂಮೆ ಕಳಿಸಿದೆ. "ಖಂಡಿತ" ಅಂದರು. ಮೂರು ವಾರ ಸುದ್ದಿಯೇ ಇಲ್ಲ. ಸಿಕ್ಕಾಗ ಕೇಳಿದರೆ, "ಏನಂತ ಬರೀಬೇಕೋ ಗೊತ್ತಾಗ್ಲಿಲ್ಲ ಮಾರಾಯ, ನಾಳೆ ನಾಳೆ ಅಂತ ಹಾಗೇ ಉಳೀತು" ಅಂದರು. ಬರೆಯೋ ಕೆಲಸ ನನ್ನದು, ಅದನ್ನ ಅವರ ತಲೆಗೆ ಕಟ್ಟಿದ್ದೆ.

ಮುಂದಿನ ಸಲ ಇನ್ನೊಬ್ಬ ಹಳೇ ಟೀಮ್‌ಮೇಟ್ ಹತ್ತಿರ ಕೇಳಿದೆ. ಎರಡು ಬೇರೆ ಬೇರೆ ಮೆಸೇಜ್ ಕಳಿಸಿದೆ. ಒಂದು ಅವರಿಗೆ ಮಾತ್ರ: "ಮೇಡಂ, ನಿಮ್ಮ ಪರಿಚಯದವರ ಟೀಮ್‌ನಲ್ಲಿ ಟೆಸ್ಟಿಂಗ್ ಹುದ್ದೆ ಖಾಲಿ ಇದೆ. ನನ್ನ ಪ್ರೊಫೈಲ್ ಕಳಿಸೋಕೆ ಆಗುತ್ತಾ? ಮುಜುಗರ ಅನ್ನಿಸಿದರೆ ಬೇಡ ಅನ್ನಿ, ಪರವಾಗಿಲ್ಲ." ಇನ್ನೊಂದು ಹಾಗೇ ಕಾಪಿ ಮಾಡೋದಕ್ಕೆ. ಇಂಗ್ಲಿಷಿನಲ್ಲಿ ಬರೆದಿದ್ದೆ, ಕನ್ನಡದಲ್ಲಿ ಹೇಳೋದಾದರೆ ಇಷ್ಟು:

"ಇವರು ನನ್ನ ಜೊತೆ ಎರಡು ವರ್ಷ ಒಂದೇ ಟೀಮ್‌ನಲ್ಲಿದ್ದರು. ಟೆಸ್ಟಿಂಗ್‌ನಲ್ಲಿ 4 ವರ್ಷದ ಅನುಭವ, ಜಾಸ್ತಿ ಪೇಮೆಂಟ್ ಆ್ಯಪ್‌ಗಳ ಮೇಲೆ. ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ ಟೆಸ್ಟನ್ನು ಆಟೊಮೇಟ್ ಮಾಡಿ 3 ಗಂಟೆಗೆ ಇಳಿಸಿದರು. ನಿಮ್ಮ ಟೆಸ್ಟಿಂಗ್ ಹುದ್ದೆಗೆ ಆಸಕ್ತಿ ಇದೆ, ಜಾಬ್ ಐಡಿ ಕೆಳಗಿದೆ. ಬೆಂಗಳೂರಿನಲ್ಲೇ ಇದ್ದಾರೆ, ನೋಟಿಸ್ 60 ದಿನ. ರೆಸ್ಯೂಮೆ ಜೊತೆಗಿದೆ."

"ನಾನು" ಅಂತ ಬರೆಯದೆ "ಇವರು" ಅಂತ ಬರೆದಿದ್ದಕ್ಕೆ ಕಾರಣ ಇದೆ. ಕಳಿಸೋರು ಒಂದಕ್ಷರ ತಿದ್ದಬೇಕಾಗಿಲ್ಲ. ಹೊಗಳಿಕೆಯನ್ನೂ ಬೇಕಂತಲೇ ಬಿಟ್ಟೆ. ನನ್ನ ಹೊಗಳಿಕೆಯನ್ನ ನಾನೇ ಬರೆದು ಅವರ ಬಾಯಲ್ಲಿ ಹೇಳಿಸೋದು ಸರಿ ಅಲ್ಲ ಅಲ್ವಾ? ಅವರೇ ಕೊನೆಗೆ "ಡೆಡ್‌ಲೈನ್ ಹತ್ತಿರ ಬಂದಾಗ ಗಾಬರಿ ಬೀಳೋರಲ್ಲ" ಅಂತ ಒಂದು ಸಾಲು ಸೇರಿಸಿದ್ದರು. ನಾನು ಬರೆದ ಆರು ಸಾಲಿಗಿಂತ ಅದಕ್ಕೇ ತೂಕ ಜಾಸ್ತಿ.

ಕಳಿಸೋ ಮುಂಚೆ ಅದನ್ನ ನನ್ನದೇ ಮೇಲ್‌ಗೆ ಪೇಸ್ಟ್ ಮಾಡಿ ನೋಡಿದ್ದು ಒಳ್ಳೇದಾಯ್ತು. ವಾಟ್ಸಾಪ್‌ನಲ್ಲಿ ದಪ್ಪಕ್ಷರಕ್ಕೆ ಅಂತ ಹಾಕಿದ್ದ ನಕ್ಷತ್ರದ ಗುರುತುಗಳು ಮೇಲ್‌ನಲ್ಲಿ ಹಾಗೇ ಕಾಣಿಸಿದವು, ತೆಗೆದೆ. ರೆಸ್ಯೂಮೆಗೆ ಡ್ರೈವ್ ಲಿಂಕ್ ಬದಲು ಪಿಡಿಎಫ್ ಇಟ್ಟೆ. ಲಿಂಕ್ ತೆರೆಯೋಕೆ ಹೋಗಿ ಪರ್ಮಿಷನ್ ಕೇಳೋ ಪರದೆ ಬಂದರೆ, ಆ ಕಡೆಯವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫೈಲಿಗೆ "ರೆಸ್ಯೂಮೆ ಫೈನಲ್ 3" ಅಂತಿದ್ದ ಹೆಸರು ತೆಗೆದು ನನ್ನ ಹೆಸರು ಮತ್ತು ಹುದ್ದೆ ಹಾಕಿದೆ.

ಇನ್ನೊಂದು ವಿಷಯ. ಕಂಪನಿಯ ಪೋರ್ಟಲ್‌ನಲ್ಲಿ ನಾನು ಮೊದಲೇ ಅರ್ಜಿ ಹಾಕಿರಲಿಲ್ಲ. ನಾವೇ ಅರ್ಜಿ ಹಾಕಿದ ಮೇಲೆ ಬರೋ ರೆಫರಲನ್ನ ಕೆಲವು ಕಡೆ ಲೆಕ್ಕಕ್ಕೇ ತಗೊಳ್ಳಲ್ಲ, ಹಾಗಾಗಿ ಮೊದಲು ಕೇಳಿಕೊಂಡೆ.

ಮೇಡಂ ಹತ್ತು ನಿಮಿಷದಲ್ಲಿ "ಕಳಿಸಿದೆ" ಅಂದರು. ಮೂರನೇ ದಿನ ಎಚ್‌ಆರ್ ಫೋನ್ ಬಂತು. ಎರಡು ರೌಂಡ್ ದಾಟಿ ಮೂರನೆಯದರಲ್ಲಿ ಹೋಯ್ತು. ಆ ಸುದ್ದಿ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಅವತ್ತೇ ಮೇಡಂಗೆ ಮೆಸೇಜ್ ಹಾಕಿದೆ. "ಆ ಆರು ಸಾಲು ಇನ್ನೂ ನನ್ನ ಹತ್ರ ಇದೆ, ಬೇರೆ ಕಡೆ ಓಪನಿಂಗ್ ಇದ್ದರೆ ಹೇಳಿ" ಅಂದರು.