‘ವಿ’ಗೆ ಹಲ್ಲು, ‘ಡಬ್ಲ್ಯು’ಗೆ ತುಟಿ

ಮೈಸೂರಿನಲ್ಲಿ, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆಗೆ ನನ್ನ ಹತ್ತಿರ ತಯಾರಿಗೆ ಬರುವವರಿಂದ ಮೊದಲ ದಿನವೇ ಎರಡು ವಾಕ್ಯ ಓದಿಸುತ್ತೇನೆ. ‘ವಿ ಲಿವ್ ಇನ್ ಎ ವಿಲೇಜ್. ಇನ್ ವಿಂಟರ್, ವಿ ಲೀವ್ ಫಾರ್ ದ ಫೀಲ್ಡ್ ವೆರಿ ಅರ್ಲಿ.’ ನಾವು ಹಳ್ಳಿಯಲ್ಲಿದ್ದೇವೆ, ಚಳಿಗಾಲದಲ್ಲಿ ಬಹಳ ಬೇಗ ಹೊಲಕ್ಕೆ ಹೊರಡುತ್ತೇವೆ, ಅಷ್ಟೇ. ಕನ್ನಡದಲ್ಲಿ ಬರೆದರೆ ಇದರಲ್ಲಿ ಏಳು ‘ವ’ ಇವೆ, ಎಲ್ಲವೂ ಒಂದೇ ಥರ. ಇಂಗ್ಲಿಷಿನಲ್ಲಿ ನಾಲ್ಕು ವಿ, ಮೂರು ಡಬ್ಲ್ಯು.

ಈ ಪರೀಕ್ಷೆ 11ರಿಂದ 14 ನಿಮಿಷ ನಡೆಯುತ್ತದೆ. ಅಂಕ ಕೊಡುವ ನಾಲ್ಕು ಅಂಶಗಳಲ್ಲಿ ಉಚ್ಚಾರಣೆ ಒಂದು. ನಮ್ಮ ಮಾತಿನ ಧಾಟಿಗೆ ಅಂಕ ಕಳೆಯುವುದಿಲ್ಲ. ಆದರೆ ಕೇಳುವವರಿಗೆ ಪದ ತಪ್ಪಾಗಿ ಕೇಳಿಸಬಾರದು.

ನಮ್ಮ ‘ವ’ ಹೇಳುವಾಗ ಕೆಳತುಟಿ ಮೇಲಿನ ಹಲ್ಲಿನ ಹತ್ತಿರ ಹೋಗುತ್ತದೆ, ಒತ್ತುವುದಿಲ್ಲ. ತುಟಿ ದುಂಡಗೂ ಆಗುವುದಿಲ್ಲ. ಅದು ವಿ, ಡಬ್ಲ್ಯು ಎರಡರ ಮಧ್ಯದ ದನಿ. ಅದಕ್ಕೇ ನಾವು ವಿ ಹೇಳಿದರೆ ಕೇಳುವವರಿಗೆ ಡಬ್ಲ್ಯು ಕೇಳಿಸುತ್ತದೆ, ಡಬ್ಲ್ಯು ಹೇಳಿದರೆ ವಿ.

ಮೊದಲು ವಿ ಸರಿಮಾಡಿಕೊಳ್ಳಿ. ‘ಫ್ಯಾನ್’ ಎನ್ನುವ ಪದದ ಮೊದಲ ದನಿಯನ್ನು ಮಾತ್ರ ಮೂರು ಸೆಕೆಂಡ್ ಎಳೆಯಿರಿ. ಕೆಳತುಟಿ ಹಲ್ಲಿಗೆ ತಾಗಿರಬೇಕು, ಗಾಳಿ ‘ಫ್ಸ್’ ಅಂತ ಉಜ್ಜಿಕೊಂಡು ಬರಬೇಕು. ಎರಡು ತುಟಿ ಮುಚ್ಚಿ ‘ಪ್ಯಾನು’ ಆಗುತ್ತಿದ್ದರೆ ಮುಂದೆ ಹೋಗಬೇಡಿ, ಅದನ್ನೇ ಮೊದಲು ತಿದ್ದಿಕೊಳ್ಳಿ. ಈಗ ತುಟಿ ಕದಲಿಸದೆ ಗಂಟಲಿನ ದನಿ ಸೇರಿಸಿ. ಗಂಟಲ ಮೇಲೆ ಬೆರಳಿಟ್ಟರೆ ಅದುರುತ್ತದೆ, ಕೆಳತುಟಿಯಲ್ಲಿ ಕಚಗುಳಿಯಂತೆ ಝುಂ ಎನ್ನುತ್ತದೆ. ಅದೇ ವಿ. ‘ಫ್ಯಾನ್’ ಹೀಗೆ ‘ವ್ಯಾನ್’ ಆಗುತ್ತದೆ. ಪದದ ಕೊನೆಯಲ್ಲೂ ಬಿಡಬೇಡಿ. ‘ಲಿವ್’ ಮುಗಿಯುವವರೆಗೆ ಹಲ್ಲು ತುಟಿ ಮೇಲೇ ಇರಲಿ, ಇಲ್ಲದಿದ್ದರೆ ನಾವು ‘ಲಿವು’ ಅಂದುಬಿಡುತ್ತೇವೆ.

ಡಬ್ಲ್ಯುಗೆ ನನ್ನ ಉಪಾಯ ‘ಉ’. ಊದುಗೊಳವೆಯಲ್ಲಿ ಒಲೆ ಊದುವಾಗ ತುಟಿ ಹೇಗಿರುತ್ತದೋ ಹಾಗೆ ದುಂಡಗೆ ಮಾಡಿ ‘ಉ’ ಎನ್ನಿ, ಅಲ್ಲಿಂದ ಥಟ್ಟನೆ ಮುಂದಿನ ಸ್ವರಕ್ಕೆ ಜಾರಿ. ‘ಉಈ’, ‘ಉಇಂಟರ್’. ಕನ್ನಡಿಯಲ್ಲಿ ನೋಡಿಕೊಳ್ಳಿ, ಶುರುವಿನಲ್ಲಿ ಹಲ್ಲು ತುಟಿಗೆ ತಾಗಲೇಬಾರದು. ಪುಸ್ತಕದಲ್ಲಿ ಡಬ್ಲ್ಯು ದನಿಯಿಂದ ಶುರುವಾಗುವ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಒಂದು ‘ಉ’ ಬರೆದುಕೊಂಡರೆ ಸಾಕು.

ನಮ್ಮ ಕಡೆಯವರು ಇನ್ನೊಂದು ವಿಷಯ ಗಮನಿಸಬೇಕು. ಹೊಲವನ್ನು ‘ವೊಲ’, ಒಲೆಯನ್ನು ‘ವಲೆ’ ಎನ್ನುವುದು ನಮ್ಮ ಊರಿನ ಮಾತು, ಚೆಂದದ ಮಾತು. ಅದೇ ಅಭ್ಯಾಸದಲ್ಲಿ ‘ಓನ್ಲಿ’ ಹೋಗಿ ‘ವೋನ್ಲಿ’ ಆಗುತ್ತದೆ, ‘ಓಲ್ಡ್’ ಹೋಗಿ ‘ವೋಲ್ಡ್’. ಬಾಯಿ ಸುಮ್ನೆ ತೆರೆದಿಟ್ಟುಕೊಂಡು ಈ ಪದಗಳನ್ನು ಶುರು ಮಾಡಿ.

ಇನ್ನು ‘ಲಿವ್’, ‘ಲೀವ್’. ಹ್ರಸ್ವ ದೀರ್ಘ ನಮಗೆ ಹೊಸದಲ್ಲ. ‘ಬಿಡು’ ಬೇರೆ, ‘ಬೀಡು’ ಬೇರೆ ಎಂದು ಮಕ್ಕಳಿಗೂ ಗೊತ್ತು. ಆದರೆ ಇಂಗ್ಲಿಷಿನ ಹ್ರಸ್ವ ‘ಇ’ ಅಂದರೆ ‘ಈ’ಯನ್ನು ಗಿಡ್ಡ ಮಾಡಿದ್ದಲ್ಲ. ನಾಲಿಗೆ ಸ್ವಲ್ಪ ಕೆಳಗಿಳಿದು, ಸಡಿಲವಾಗಿ, ‘ಎ’ ಕಡೆಗೆ ವಾಲುತ್ತದೆ. ‘ಈ’ಗೆ ನಾಲಿಗೆ ಬಿಗಿಯಾಗಿ ಮೇಲಿರುತ್ತದೆ, ತುಟಿ ಅಗಲವಾಗುತ್ತದೆ. ಇಷ್ಟನ್ನು ಬಿಟ್ಟು ಉದ್ದ ಮಾತ್ರ ನಂಬಿಕೊಂಡರೆ ಕೈ ಕೊಡುತ್ತದೆ. ಏಕೆಂದರೆ ಇಂಗ್ಲಿಷಿನಲ್ಲಿ ಮುಂದಿನ ವ್ಯಂಜನ ನೋಡಿ ಸ್ವರದ ಉದ್ದ ಬದಲಾಗುತ್ತದೆ. ‘ಸೀಡ್’ನಲ್ಲಿ ಉದ್ದವಿರುವ ‘ಈ’ ‘ಸೀಟ್’ನಲ್ಲಿ ಮೊಟಕಾಗುತ್ತದೆ, ಆದರೂ ಅದು ‘ಸಿಟ್’ ಆಗುವುದಿಲ್ಲ.

ಸರಿಯೋ ತಪ್ಪೋ ತಿಳಿಯಲು ‘ಲಿವ್’ ಪದವನ್ನು ಬೇಕೆಂದೇ ನಿಧಾನವಾಗಿ ಎಳೆದು ನೋಡಿ. ಎಳೆದಾಗ ‘ಲೀವ್’ ಆಗಿಬಿಟ್ಟರೆ ನಿಮ್ಮ ‘ಇ’ ಇನ್ನೂ ಗಿಡ್ಡ ‘ಈ’ ಅಷ್ಟೇ. ಎಷ್ಟು ಎಳೆದರೂ ‘ಲಿವ್’ ಆಗಿಯೇ ಉಳಿದರೆ ಸರಿ.

ಮಂಡ್ಯ ಕಡೆಯ ನರ್ಸ್ ಒಬ್ಬರು ಮೂರೇ ದಿನದಲ್ಲಿ ವಿ ಕಲಿತರು. ಆಮೇಲೆ ಎಲ್ಲ ಕಡೆಯೂ ಅದನ್ನೇ ಒತ್ತತೊಡಗಿದರು, ‘ವಿಂಟರ್’ನಲ್ಲೂ ಹಲ್ಲು! ಹೊಸದಾಗಿ ಕಲಿತವರಲ್ಲಿ ಇದು ಜಾಸ್ತಿ. ಹಾಗಾಗಿ ಎರಡನ್ನೂ ಒಟ್ಟಿಗೇ ಅಭ್ಯಾಸ ಮಾಡಿಸಿದೆ: ‘ವೆರಿ ಉಎಲ್’, ‘ವೆರಿ ಉಎಟ್’, ‘ವಿಲೇಜ್ ಉಎಲ್’. ಹಲ್ಲು, ತುಟಿ, ಹಲ್ಲು, ತುಟಿ ಅಂತ ಬಾಯಿಯ ಲೆಕ್ಕ ಕೂರುವವರೆಗೆ ನಿಧಾನ, ಆಮೇಲೆ ವೇಗ.

ವಾರದ ಕೊನೆಗೆ ನಾಲ್ಕು ಚೀಟಿ ಮಾಡಿ: ಲಿವ್, ಲೀವ್, ತೊಡುವ ವೆಸ್ಟ್, ಪಶ್ಚಿಮದ ಉಎಸ್ಟ್. ಕಲೆಸಿ ಒಂದೊಂದೇ ತೆಗೆದು ಹೇಳಿ. ಕೇಳುವವರು ನಿಮ್ಮ ಬಾಯಿ ನೋಡದಂತೆ ಬೆನ್ನು ಹಾಕಿ ಕೂತು, ಏನು ಕೇಳಿಸಿತೋ ಅದನ್ನು ಬರೆಯಲಿ. ಹತ್ತು ಸಲದಲ್ಲಿ ಒಂಬತ್ತು ಸಲ ಸರಿ ಬಂದರೆ ನಾನು ಪರೀಕ್ಷೆಯಲ್ಲಿ ಒಬ್ಬರೇ ಎರಡು ನಿಮಿಷದವರೆಗೆ ಮಾತಾಡುವ ಭಾಗದ ಅಭ್ಯಾಸಕ್ಕೆ ಕಳಿಸುತ್ತೇನೆ. ಕಡಿಮೆ ಬಂದರೆ ಯಾವ ಜೋಡಿ ತಪ್ಪಿತು ಎಂದು ನೋಡಿ, ಆ ಜೋಡಿಯನ್ನು ಮಾತ್ರ ಮತ್ತೆ ಕನ್ನಡಿ ಮುಂದೆ ಹೇಳಿಸುತ್ತೇನೆ.