ಲಸಿಕೆ ಮುಗಿಯುವ ಮೊದಲೇ ನಾಯಿಮರಿಗೆ ತಾಸೆ ಸದ್ದು ಅಭ್ಯಾಸ ಮಾಡಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆ ನಾಯಿಮರಿ ತಂದವರು ಎರಡು ತಪ್ಪಿನಲ್ಲಿ ಒಂದನ್ನು ಮಾಡಿಯೇ ಮಾಡುತ್ತಾರೆ. ಕೆಲವರು ‘ಇಂಜೆಕ್ಷನ್ ಎಲ್ಲ ಮುಗೀಲಿ’ ಎಂದು ಗೇಟು ದಾಟಿಸುವುದಿಲ್ಲ. ಇನ್ನು ಕೆಲವರು ಹೆದರಿಕೆ ಹೋಗಲಿ ಎಂದು ನೇರ ತಾಸೆ ಬಡಿಯುವ ಪಿಲಿವೇಷದ ಮೆರವಣಿಗೆಗೇ ಎತ್ತಿಕೊಂಡು ಹೋಗುತ್ತಾರೆ. ಹೊಸ ಮುಖ, ಹೊಸ ಸದ್ದನ್ನು ಮರಿ ಸುಲಭವಾಗಿ ಒಪ್ಪಿಕೊಳ್ಳುವುದು ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ. ಮರಿಯ ಲಸಿಕೆ ಸರಣಿ ಮುಗಿಯುವಾಗ 16 ವಾರ ಆಗಿರುತ್ತದೆ. ಕಾದು ಕೂತರೆ ಆ ಕಾಲ ಕಳೆದೇ ಹೋಗುತ್ತದೆ.

ಮೊದಲ ಲಸಿಕೆಯಾಗಿ ಒಂದು ವಾರ ಕಳೆದರೆ ಹೊರಗೆ ಕರೆದೊಯ್ಯಿರಿ, ಆದರೆ ಕಾಲು ನೆಲಕ್ಕೆ ತಾಗಬಾರದು. ಪಾರ್ವೊ ವೈರಸ್ ಬರುವುದು ರೋಗದ ನಾಯಿಯ ಮಲದಿಂದ, ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆನೀರು ನಿಂತಲ್ಲಿ ಇಲಿಜ್ವರದ ಭಯ ಬೇರೆ. ಎತ್ತಿಕೊಂಡೋ ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೋ ಸುತ್ತಾಡಿಸಿ. ಲಸಿಕೆಯಾದ, ಆರೋಗ್ಯದ ನಾಯಿಯಿರುವ ಗೆಳೆಯರ ಮನೆಯೊಳಗೆ ಇಳಿಸಬಹುದು. ಫಿನಾಯಿಲ್ ಹಾಕಿ ಒರೆಸಿದ್ದೇವೆ ಎಂಬ ಧೈರ್ಯ ಬೇಡ, ಪಾರ್ವೊ ಅದಕ್ಕೆ ಸಾಯುವುದಿಲ್ಲ. ಬ್ಲೀಚೇ ಬೇಕು.

ಹೆಲ್ಮೆಟ್, ಕೊಡೆ, ರೇನ್‌ಕೋಟ್, ಗಡ್ಡ, ಬುರ್ಖಾ, ಗಲಾಟೆ ಮಕ್ಕಳು, ಎಲ್ಲವನ್ನೂ ತೋರಿಸಿ. ಕೈಯಿಂದ ಕೈಗೆ ದಾಟಿಸಬೇಡಿ. ಬಂದವರು ಸುಮ್ನೆ ಕೂರಲಿ, ಮರಿಯೇ ಹತ್ತಿರ ಹೋಗಲಿ.

ಜನ ಎಡವುವುದು ಸದ್ದಿನಲ್ಲಿ. 9 ವಾರದ ಮರಿ, ನವರಾತ್ರಿಗೆ ಇನ್ನೊಂದು ತಿಂಗಳಿದೆ ಎಂದುಕೊಳ್ಳಿ. ತಾಸೆಯ ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಹಾಕಿ. ಬರೀ ಫೋನು ಸಾಲದು, ಡೋಲಿನ ದಪ್ಪ ಸದ್ದು ಅದರಲ್ಲಿ ಬರುವುದೇ ಇಲ್ಲ. ನಿಮಗೂ ಕಿವಿಗೊಟ್ಟರಷ್ಟೇ ಕೇಳುವಷ್ಟು ಸಣ್ಣಗಿರಲಿ. ಸದ್ದು ಮೊದಲು, ಒಂದು ಕ್ಷಣ ಬಿಟ್ಟು ಬೇಯಿಸಿದ ಕೋಳಿಯ ಚೂರು. ಸದ್ದು ನಿಂತರೆ ತಿಂಡಿಯೂ ನಿಲ್ಲಬೇಕು. ಈ ಕ್ರಮ ತಿರುಗಿಸಿದರೆ ಕೋಳಿ ಕಂಡಾಗಲೇ ‘ಈಗೇನೋ ಬರುತ್ತದೆ’ ಎಂದು ಮರಿ ಹೆದರಲು ಕಲಿಯುತ್ತದೆ. ಎರಡು ಮೂರು ನಿಮಿಷ ಸಾಕು. ಸದ್ದು ಕೇಳಿದ ಕೂಡಲೇ ಮರಿ ನಿಮ್ಮ ಕೈ ನೋಡತೊಡಗಿದರೆ ಮರುದಿನ ಒಂದು ಹಂತ ಏರಿಸಿ.

ಬಾಲ ಮಡಚುವುದು, ನಿದ್ದೆಯಿಲ್ಲದೆ ಆಕಳಿಸುವುದು, ತುಟಿ ನೆಕ್ಕುವುದು ಹೆದರಿಕೆಯ ಗುರುತು. ಕೋಳಿಯನ್ನೂ ಮುಟ್ಟದಿದ್ದರೆ ಜಾಸ್ತಿ ಆಯಿತೆಂದೇ ಅರ್ಥ. ನಿಲ್ಲಿಸಿ, ಮರುದಿನ ಎರಡು ಹಂತ ಇಳಿಸಿ ಶುರುಮಾಡಿ. ಮೂಲೆಗೆ ಸೇರಿ ಗಪ್‌ಚಿಪ್ ಕೂತ ಮರಿಯನ್ನು ‘ಅಭ್ಯಾಸವಾಯ್ತು’ ಅನ್ನುತ್ತಾರಲ್ವಾ? ಅದು ಮರಗಟ್ಟಿ ಕೂತಿದೆ ಅಷ್ಟೇ.

ರೆಕಾರ್ಡಿಂಗಿಗೆ ಒಗ್ಗಿದ ಮೇಲೆ ನಿಜವಾದ ತಾಸೆ. ಮೆರವಣಿಗೆಯಿಂದ ಎರಡು ಬೀದಿ ಆಚೆ, ಗಾಜು ಏರಿಸಿದ ಕಾರಿನಲ್ಲಿ ಕೂತು ಕೇಳಿಸಿ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನಿಗೂ ಇದೇ ದಾರಿ.

ಗರ್ನಾಲು ಪಟಾಕಿಗೆ ಮಾತ್ರ ಈ ಪಾಠ ನೆಚ್ಚಿಕೊಳ್ಳಬೇಡಿ. ಆ ಪೆಟ್ಟು ಯಾವ ಸ್ಪೀಕರಿನಲ್ಲೂ ಬರುವುದಿಲ್ಲ. ಕೋಲದ ರಾತ್ರಿ ಮರಿಯನ್ನು ಒಳಕೋಣೆಯಲ್ಲಿ ಫ್ಯಾನ್ ಹಾಕಿ ಮಲಗಿಸಿ. ಹೆದರಿ ಹತ್ತಿರ ಬಂದರೆ ಅಪ್ಪಿಕೊಳ್ಳಿ, ಅದರಿಂದ ಹೆದರಿಕೆ ಹೆಚ್ಚುವುದಿಲ್ಲ.