ಒಂದೇ ಗೇಟಿನಲ್ಲಿ ಎರಡು ಸಲ ಕಟ್ ಆದ ಟೋಲ್: ಹಣ ವಾಪಸ್ ಪಡೆದ ನನ್ನ ಅನುಭವ

ಹುಬ್ಬಳ್ಳಿ ಕಡೆ ಹೋಗುವಾಗ ಒಂದು ಟೋಲ್ ಪ್ಲಾಜಾದಲ್ಲಿ ನನ್ನ ಕಾರಿಗೆ ಗೇಟು ತೆರೆಯಲಿಲ್ಲ. ಅಲ್ಲಿದ್ದ ಹುಡುಗ ಕೈಯಲ್ಲಿ ಹಿಡಿಯುವ ರೀಡರ್ ತಂದು ಗಾಜಿನ ಮೇಲೆ ಆಡಿಸಿದ, ಆಗಲೂ ತೆರೆಯಲಿಲ್ಲ. "ಸಾರ್, ಸ್ವಲ್ಪ ಹಿಂದೆ ತಗೊಂಡು ಪಕ್ಕದ ಲೇನಿಗೆ ಬನ್ನಿ" ಅಂದ. ಪಕ್ಕದ ಲೇನಿನಲ್ಲಿ ತಕ್ಷಣ ಗೇಟು ಎದ್ದಿತು, 90 ರೂಪಾಯಿ ಕಟ್ ಆದ ಮೆಸೇಜೂ ಬಂತು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅದೇ ಪ್ಲಾಜಾದ ಹೆಸರಿನಲ್ಲಿ ಇನ್ನೊಂದು 90 ರೂಪಾಯಿ ಹೋಯಿತು.

ಎರಡು ಮೆಸೇಜ್ ಬಂದ ಮಾತ್ರಕ್ಕೆ ಎರಡು ಸಲ ಕಟ್ ಆಗಿದೆ ಎನ್ನಲಾಗದು. ಪ್ಲಾಜಾದ ಸಂಪರ್ಕ ಕೈಕೊಟ್ಟರೆ ಹಿಂದಿನ ಪ್ರಯಾಣದ ಹಣ ತಡವಾಗಿ ಹೋಗುವುದುಂಟು. 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿಬರುವ ಟೋಲ್ ಒಟ್ಟು ಒಂದೂವರೆ ಪಟ್ಟು, ಹಾಗಾಗಿ ಎರಡನೇ ಸಲ ಕಟ್ ಆಗುವುದು ಅರ್ಧ ಮೊತ್ತ. ನನಗೆ ಹೋಗಿದ್ದು ಪೂರ್ತಿ 90, ನಾನಿನ್ನೂ ಹಿಂದಿರುಗಿಯೂ ಇರಲಿಲ್ಲ.

ಮೆಸೇಜ್ ಬಂದ ಹೊತ್ತನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿನ ಪೋರ್ಟಲ್‌ನಿಂದ ಸ್ಟೇಟ್‌ಮೆಂಟ್ ತೆಗೆದೆ. ಹಣ ಕಟ್ ಆದ ಸಮಯದ ಜೊತೆಗೆ ಅದರಲ್ಲಿ ರೀಡರ್ ರೀಡ್ ಟೈಮ್ ಅಂತ ಇನ್ನೊಂದು ಸಮಯ ಇತ್ತು. ಲೇನಿನ ಯಂತ್ರ ಟ್ಯಾಗನ್ನು ಓದಿದ ಗಳಿಗೆ ಅದು. ನನ್ನ ಎರಡು ಸಾಲುಗಳಲ್ಲಿ ಅದು ಬೆಳಿಗ್ಗೆ 7:42 ಮತ್ತು 7:46 ಇತ್ತು. ಪ್ಲಾಜಾ ಒಂದೇ, ದಿಕ್ಕು ಒಂದೇ, ಲೇನ್ ಬೇರೆ, ಟ್ರಾನ್ಸಾಕ್ಷನ್ ಐಡಿ ಬೇರೆ. ನಾಲ್ಕು ನಿಮಿಷದಲ್ಲಿ ಒಂದೇ ಕಾರು ಒಂದೇ ದಿಕ್ಕಿನಲ್ಲಿ ಎರಡು ಸಲ ಅದೇ ಪ್ಲಾಜಾ ದಾಟಲು ಸಾಧ್ಯವಿಲ್ಲ. ಗೇಟು ತೆರೆಯದ ಮೊದಲ ಲೇನು ಟ್ಯಾಗನ್ನು ಓದಿಕೊಂಡಿತ್ತು, ಲೆಕ್ಕ ಮಾತ್ರ ತಡವಾಗಿ ಬ್ಯಾಂಕಿಗೆ ಮುಟ್ಟಿತ್ತು.

ಇಂಥ ಹಣವನ್ನು ಟೋಲ್ ಬೂತಿನಲ್ಲಿ ಕೇಳಿ ಪ್ರಯೋಜನವಿಲ್ಲ. ನಮ್ಮ ಟ್ಯಾಗಿಗೆ ಹಣ ವಾಪಸ್ ಹಾಕುವ ಅಧಿಕಾರ ಅಲ್ಲಿ ಕೂತವರಿಗಿಲ್ಲ. ದಾರಿ ಇರುವುದು ಟ್ಯಾಗ್ ಕೊಟ್ಟ ಬ್ಯಾಂಕಿನ ಮೂಲಕ. ನಾವು ದೂರು ಕೊಟ್ಟರೆ ಆ ಬ್ಯಾಂಕು, ಫಾಸ್ಟ್ಯಾಗ್ ಪಾವತಿಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆಯಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಹಣ ವಾಪಸ್ ಕೇಳುವ ಕೋರಿಕೆ ಹಾಕುತ್ತದೆ. ಅದು ಪ್ಲಾಜಾ ಕಡೆಯ ಬ್ಯಾಂಕಿಗೆ ಹೋಗುತ್ತದೆ. ಅವರು ಒಪ್ಪಬೇಕು, ಇಲ್ಲವೇ ಗಾಡಿ ದಾಟಿದ್ದಕ್ಕೆ ಪುರಾವೆ ಕೊಡಬೇಕು. ಹೆದ್ದಾರಿ ಪ್ರಾಧಿಕಾರದ 1033ಕ್ಕೂ ಹೇಳಿಕೊಳ್ಳಬಹುದು, ಆದರೆ ಬ್ಯಾಂಕಿನ ದೂರನ್ನು ಬಿಡಬಾರದು.

ಬ್ಯಾಂಕಿನ ಆ್ಯಪ್‌ನಲ್ಲಿ ಆ ವಹಿವಾಟಿನ ಮೇಲೆಯೇ ದೂರು ಹಾಕುವ ಜಾಗ ಇತ್ತು. ಕಾರಣದ ಪಟ್ಟಿಯಲ್ಲಿ ಡಬಲ್ ಡಿಡಕ್ಷನ್ ಆರಿಸಿದೆ. ವಿವರಣೆಯಲ್ಲಿ ಸಿಟ್ಟು ತೋಡಿಕೊಳ್ಳದೆ ಹೀಗೆ ಬರೆದೆ: "7:46ರ ವಹಿವಾಟು ಸರಿ ಇದೆ, ಅದು ಹಾಗೇ ಇರಲಿ. 7:42ರದ್ದು ಗೇಟು ತೆರೆಯದ ಲೇನಿನದು, ಆ 90 ರೂಪಾಯಿ ಮಾತ್ರ ವಾಪಸ್ ಬೇಕು. ಆ ಲೇನಿನಿಂದ ಗಾಡಿ ಮುಂದೆ ಹೋದ ಚಿತ್ರ ಇದ್ದರೆ ತೋರಿಸಿ." ಎರಡೂ ಟ್ರಾನ್ಸಾಕ್ಷನ್ ಐಡಿ, ಗಾಡಿ ನಂಬರು, ಸ್ಟೇಟ್‌ಮೆಂಟಿನ ಆ ಭಾಗದ ಸ್ಕ್ರೀನ್‌ಶಾಟ್ ಸೇರಿಸಿದೆ. ಯಾವುದು ಸರಿ, ಯಾವುದು ಹೆಚ್ಚುವರಿ ಅಂತ ನಾವೇ ಬಿಡಿಸಿ ಹೇಳುವುದು ಬಹಳ ಮುಖ್ಯ. ಇಲ್ಲದಿದ್ದರೆ ಸರಿಯಿದ್ದ ಸಾಲನ್ನೇ ಪರಿಶೀಲಿಸಿ "ವಹಿವಾಟು ಸರಿಯಾಗಿದೆ" ಎಂದು ದೂರು ಮುಗಿಸಿಬಿಡುವ ಸಾಧ್ಯತೆ ಇದೆ.

ಟ್ಯಾಗ್ ಓದಲಿಲ್ಲವೆಂದು ಕೌಂಟರಿನಲ್ಲಿ ನಗದು ಕೊಟ್ಟು, ಆಮೇಲೆ ಟ್ಯಾಗಿನಿಂದಲೂ ಹಣ ಹೋದವರಿಗೂ ದಾರಿ ಇದೇ. ಅವರಿಗೆ ಮುಖ್ಯ ಪುರಾವೆ ಪ್ಲಾಜಾದ ರಸೀದಿ. ಆ ಚೀಟಿಯ ಅಕ್ಷರ ಬೇಗ ಮಾಸಿಹೋಗುತ್ತದೆ, ಅಲ್ಲೇ ಫೋಟೋ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಬ್ಯಾಂಕಿನ ಆ್ಯಪ್ ಅಥವಾ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಳ್ಳಿ. ನನಗೆ ರೀಫಂಡ್ ಬಂದಿದ್ದು ಟ್ಯಾಗಿನ ಬ್ಯಾಲೆನ್ಸಿಗೇ. ಅದಕ್ಕೆ ಒಟಿಪಿ, ಯುಪಿಐ ಪಿನ್ ಯಾವುದೂ ಬೇಕಾಗಲಿಲ್ಲ. ಅದನ್ನು ಕೇಳುವವರು ಮೋಸಗಾರರೇ.

ನನ್ನ 90 ರೂಪಾಯಿ ಪ್ರತ್ಯೇಕ ಕ್ರೆಡಿಟ್ ಸಾಲಾಗಿ ಸ್ಟೇಟ್‌ಮೆಂಟಿನಲ್ಲಿ ಕಾಣಿಸಿತು. ಒಂದು ವೇಳೆ ಬ್ಯಾಂಕು ದೂರನ್ನು ತಳ್ಳಿಹಾಕಿದರೆ, ಅಥವಾ 30 ದಿನ ಕಳೆದರೂ ಉತ್ತರ ಕೊಡದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಬ್ಯಾಂಕಿಗೆ ಮೊದಲು ದೂರು ಕೊಟ್ಟಿದ್ದೀರಾ ಅಂತ ಅಲ್ಲಿ ಕೇಳುತ್ತಾರೆ, ಹಾಗಾಗಿ ಹಣ ಕೈಸೇರುವವರೆಗೆ ದೂರಿನ ನಂಬರು ಮತ್ತು ತಾರೀಖು ಇರುವ ಮೆಸೇಜನ್ನು ಅಳಿಸಬೇಡಿ.